ರಿಲೇಗೆ ಮುಂಚಿನ ಒಂದು ನಿಮಿಷ

ಮಳೆಗಾಲ ಮುಗಿದು ಮೈದಾನ ಒಣಗಿತೆಂದರೆ ಕಾರವಾರ, ಅಂಕೋಲೆಯ ಶಾಲೆಗಳಲ್ಲಿ ಕ್ರೀಡಾದಿನದ ಗಡಿಬಿಡಿ. ಸುಣ್ಣದ ಗೆರೆ ಎಳೆಸುವುದು ಪಿ.ಟಿ. ಮಾಸ್ತರರ ಹೊಣೆ. ರಿಲೇ ಓಡುವ ನಾಲ್ವರಿಗೆ ಧೈರ್ಯ ಹೇಳುವುದು ತರಗತಿಯ ಕ್ಯಾಪ್ಟನ್‌ನ ಹೊಣೆ. ಸಿಗುವುದು ಒಂದೇ ನಿಮಿಷ. "ನಮ್ಮ ಕ್ಲಾಸಿನ ಮರ್ಯಾದೆ ಉಳಿಸಿ" ಎಂದು ಕೂಗಿ ಆ ನಿಮಿಷವನ್ನು ಕಳೆದುಬಿಡುವವರೇ ಹೆಚ್ಚು.

ಆ ನಾಲ್ವರಲ್ಲಿ ಒಬ್ಬ ಹೋದ ವರ್ಷ ಬ್ಯಾಟನ್ ಬೀಳಿಸಿದವನು ಎಂದಿಟ್ಟುಕೊಳ್ಳಿ. "ಈ ಸಲ ಬೀಳಿಸಬೇಡ ಮಾರಾಯ" ಎಂದರೆ ಅವನ ತಲೆಯಲ್ಲಿ ಉಳಿಯುವುದು ಬೀಳುವ ಬ್ಯಾಟನ್ ಒಂದೇ. ಹೆದರಿದವನು ಹಿಂದಿರುಗಿ ನೋಡುತ್ತ ನಿಂತೇ ಕೈಚಾಚುತ್ತಾನೆ. ಓಡಿ ಬಂದವನ ವೇಗವೆಲ್ಲ ಅಲ್ಲೇ ವ್ಯರ್ಥ.

ಬಲ್ಲ ಕ್ಯಾಪ್ಟನ್ ಅವನಿಗೆ ಒಂದು ಕೆಲಸ ಕೊಡುತ್ತಾನೆ. ಅವನು ನಿಲ್ಲುವಲ್ಲಿಂದ ಹಿಂದಕ್ಕೆ, ಹಿಮ್ಮಡಿಗೆ ಬೆರಳು ತಾಗಿಸುತ್ತ 15 ಪಾದ ಅಳೆದು ಗುರುತು ಹಾಕಿಸುತ್ತಾನೆ. ಬರುವವನು ಆ ಗುರುತು ಮುಟ್ಟಿದ ಕೂಡಲೇ ಇವನು ಹೊರಡಬೇಕು. ಅಭ್ಯಾಸದಲ್ಲಿ ಬರುವವನು ಮೈಮೇಲೇ ಬಂದುಬಿಟ್ಟರೆ ಇವನು ಹೊರಟದ್ದು ತಡವಾಯಿತು. ಗುರುತು ಇನ್ನೂ ಎರಡು ಪಾದ ಹಿಂದೆ ಹೋಗಲಿ. ಎಟುಕದೇ ಹೋದರೆ ಬೇಗ ಹೊರಟಂತಾಯಿತು. ಗುರುತು ಹತ್ತಿರ ಬರಲಿ. ಈ ಹೊಂದಾಣಿಕೆ ಹಿಂದಿನ ದಿನವೇ ಮುಗಿದಿರಬೇಕು.

ಆಮೇಲೆ ಓಟದ ದಿನದ ಮಾತು ಇಷ್ಟೇ ಸಾಕು:

"ಎಲ್ಲರೂ ಕೇಳಿ. ಮೊದಲನೆಯವನದು ಬಲಗೈ, ಎರಡನೆಯವನದು ಎಡಗೈ, ಮೂರನೆಯವನದು ಬಲಗೈ, ಕೊನೆಯವನದು ಎಡಗೈ. ಕೈ ಬದಲಿಸುವುದು ಬೇಡ. ಗುರುತು ನೋಡಿ ಹೊರಡಿ, ಆಮೇಲೆ ಹಿಂದೆ ನೋಡಬೇಡಿ. ಕೊಡುವವನು 'ಹಿಡಿ' ಅಂದಾಗಲೇ ಕೈ ಹಿಂದೆ ಬರಲಿ. ಬಿದ್ದರೆ ಬೀಳಿಸಿದವನೇ ಎತ್ತಬೇಕು, ಬೇರೆಯವರು ಮುಟ್ಟಬೇಡಿ. ಎತ್ತಿಕೊಂಡು ಓಟ ಮುಗಿಸೋಣ. ಬೈಯುವುದಿಲ್ಲ, ಯಾರೂ."

ಕಾರವಾರದ ಹುಡುಗರು ಕೊಂಕಣಿಯಲ್ಲಿ 'ಘೇ' ಎಂದರೂ ಸರಿ. ಆದರೆ ನಾಲ್ವರದೂ ಒಂದೇ ಶಬ್ದವಾಗಿರಬೇಕು, ಪಕ್ಕದ ಲೇನಿನ ಗದ್ದಲದಲ್ಲೂ ಕಿವಿಗೆ ಬೀಳಬೇಕು.

ಬ್ಯಾಟನ್ ಬೀಳುವುದು ಎಳೆಯರ ಕೈಯಿಂದ ಮಾತ್ರವಲ್ಲ. 2008ರ ಬೀಜಿಂಗ್ ಒಲಿಂಪಿಕ್ಸಿನ 4x100 ಮೀಟರ್ ರಿಲೇಯಲ್ಲಿ ಅಮೆರಿಕದ ಪುರುಷರ ತಂಡವೂ ಮಹಿಳೆಯರ ತಂಡವೂ ಮೊದಲ ಸುತ್ತಿನಲ್ಲೇ ಬ್ಯಾಟನ್ ಬೀಳಿಸಿ ಹೊರಬಿದ್ದವು. ಎರಡೂ ಬಿದ್ದದ್ದು ಮೂರನೆಯವರಿಂದ ಕೊನೆಯವರಿಗೆ ದಾಟುವಾಗ. ಜಗತ್ತಿನ ವೇಗಿಗಳಿದ್ದ ತಂಡಗಳಿಗೆ ಕಾಲಿನ ಕೊರತೆ ಇರಲಿಲ್ಲ. ತಪ್ಪಿದ್ದು ಕೈಯಿಂದ ಕೈಗೆ ದಾಟುವ ಆ ಕ್ಷಣ. ಈಗಿನ ಅಂತರರಾಷ್ಟ್ರೀಯ ನಿಯಮ ಅದಕ್ಕೆ ಕೊಡುವ ಜಾಗ 30 ಮೀಟರ್. ಅದರೊಳಗೆ ದಾಟಬೇಕಾದ್ದು ಬ್ಯಾಟನ್. ಓಟಗಾರನ ಕಾಲು ಎಲ್ಲಿದೆ ಎಂಬುದು ಲೆಕ್ಕಕ್ಕಿಲ್ಲ.

ಕ್ಯಾಪ್ಟನ್‌ನ ಕೊನೆಯ ಮಾತು, "ಬೈಯುವುದಿಲ್ಲ, ಯಾರೂ" ಎಂಬುದು, ಹೋದ ವರ್ಷ ಬೀಳಿಸಿದವನಿಗೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು. ಅದನ್ನು ಕೇಳಿದವನು ಕೊಡುವವನ ಮುಖ ನೋಡುವುದನ್ನು ಬಿಟ್ಟು ನೆಲದ ಗುರುತು ನೋಡುತ್ತಾನೆ. ಸಂಜೆ ಮನೆಗೆ ಬಂದ ಮಗನನ್ನು "ಎಷ್ಟನೇ ನಂಬರು?" ಎಂದು ಕೇಳುವ ಮೊದಲು ಅಪ್ಪ ಅಮ್ಮ "ಗುರುತು ಎಷ್ಟು ಪಾದಕ್ಕೆ ಇಟ್ಟಿದ್ದೆ?" ಎಂದು ಕೇಳಿದರೆ, ಹುಡುಗ ಊಟ ಆರುವವರೆಗೂ ಹೇಳುತ್ತಾನೆ.