ನಮ್ಮಪ್ಪ ಒಳಗೆ ಹೋದ, ತಂದೆಯವರು ಹೊರಗೆ ಬಂದರು

ಹತ್ತನೇ ಪುಟದಲ್ಲಿ ನಮ್ಮಪ್ಪ ಬ್ಯಾರನ್ನಿನ ಬಾಗಿಲು ತೆಗೆದು ಒಳಗೆ ಹೋಗುತ್ತಾನೆ. ಹನ್ನೊಂದನೇ ಪುಟದಲ್ಲಿ ಅದೇ ಬಾಗಿಲಿನಿಂದ ನನ್ನ ತಂದೆಯವರು ಹೊರಗೆ ಬರುತ್ತಾರೆ. ನಡುವೆ ಇರುವುದು ಒಂದು ಖಾಲಿ ಸಾಲು. ಇಬ್ಬರೂ ಒಬ್ಬರೇ ಎಂದು ನನಗೆ ಗೊತ್ತು. ಓದುವವರಿಗೆ ಮಾತ್ರ ಒಳಗೆ ಇನ್ಯಾರೋ ಕೂತಿದ್ದರೇನೋ ಅನ್ನಿಸೀತು.

ಹುಣಸೂರು ಸೀಮೆಯ ಹೊಗೆಸೊಪ್ಪಿನ ಬಗ್ಗೆ, ನಮ್ಮ ಮನೆಯ ಬ್ಯಾರನ್ನಿನ ನೆಪದಲ್ಲಿ, ಒಂದು ಉದ್ದನೆಯ ಪ್ರಬಂಧ ಬರೆಯಲು ಕೂತು ಎರಡು ವರ್ಷವಾಯಿತು. ಮೊದಲ ಕರಡು ಮೂರು ವಾರದಲ್ಲಿ ಮುಗಿದಿತ್ತು. ಉಳಿದ ಕಾಲವೆಲ್ಲ ತಿದ್ದುವುದರಲ್ಲಿ ಹೋಯಿತು. ತಿದ್ದಿದೆ ಎಂದರೆ ಇಡೀ ಬರಹವನ್ನು ಎದುರಿಗಿಟ್ಟುಕೊಂಡು ತಿದ್ದಿದೆ ಎಂದಲ್ಲ. ಬಿಡುವು ಸಿಕ್ಕಾಗ ಯಾವುದೋ ಒಂದು ಪ್ಯಾರಾ ತೆಗೆದು ಅದನ್ನಷ್ಟೇ ಉಜ್ಜುತ್ತಿದ್ದೆ. ಒಟ್ಟು 41 ಪ್ಯಾರಾ. ಬಿಡಿಬಿಡಿಯಾಗಿ ಓದಿದರೆ ಒಂದೊಂದೂ ಮೊದಲಿಗಿಂತ ಚೆನ್ನಾಗಿದೆ, ಅಥವಾ ಚೆನ್ನಾಗಿದೆ ಎಂದು ನಾನು ಅಂದುಕೊಂಡಿದ್ದೆ. ಮೊನ್ನೆ ಎಲ್ಲವನ್ನೂ ಅಚ್ಚು ಹಾಕಿಸಿಕೊಂಡು ಒಂದೇ ಪಟ್ಟಿಗೆ ಗಟ್ಟಿಯಾಗಿ ಓದಿದೆ. ನಾಲ್ಕು ಜನ ಒಂದೇ ಮೈಕಿಗೆ ಕೈ ಹಾಕಿ ಎಳೆದಾಡುತ್ತಿರುವ ಹಾಗಿತ್ತು.

ಪೆನ್ಸಿಲ್ ತೆಗೆದುಕೊಂಡು ಪ್ರತಿ ಪ್ಯಾರಾದ ಅಂಚಿನಲ್ಲಿ, ಇದು ಯಾರ ದನಿ ಎಂದು ಗುರುತು ಹಾಕುತ್ತ ಹೋದೆ. ವ್ಯಾಕರಣ ನೋಡಲಿಲ್ಲ, ಕಿವಿಗೆ ಕೇಳಿದ್ದನ್ನು ಬರೆದೆ. ‘ಮೇಷ್ಟ್ರು’ ಎಂದು ಬಹಳ ಕಡೆ ಬಂತು. ಕಂಪಲಾಪುರದ ಹರಾಜು ಮಾರುಕಟ್ಟೆಯ ಭಾಗದುದ್ದಕ್ಕೂ ‘ವರದಿಗಾರ’. ಚುಂಚನಕಟ್ಟೆ ನಾಲೆಯ ಕೆಳಗಿನ ಅವ್ವನ ತವರಿನ ಗದ್ದೆಗಳ ಭಾಗದಲ್ಲಿ ‘ಮದುವೆ ಮನೆಯ ನೆಂಟ’, ಎಲ್ಲದಕ್ಕೂ ಆಹಾ ಅನ್ನುವವನು. ಎಚ್.ಡಿ. ಕೋಟೆಯಲ್ಲಿ ಕಬಿನಿ ಹಿನ್ನೀರಿಗೆ ಊರು ಬಿಟ್ಟುಬಂದ ನಮ್ಮ ಬಂಧುವಿನ ಎರಡು ಪ್ಯಾರಾಕ್ಕೆ ಏನು ಬರೆಯಬೇಕೋ ತಿಳಿಯದೆ, ಕೊನೆಗೆ ‘ಕುಸುಮಬಾಲೆ’ ಎಂದು ಬರೆದು ನಾನೇ ನಾಚಿಕೊಂಡೆ.

ಕಾರಣ ಇದೆ. ದೇವನೂರ ಮಹಾದೇವರ ಆ ಕಾದಂಬರಿ ಬಂದದ್ದು 1980ರ ದಶಕದಲ್ಲಿ. ನಾನು ಅದನ್ನು ಓದಿದ್ದು ತಡವಾಗಿ, ಸರಿಯಾಗಿ ಆ ಎರಡು ಪ್ಯಾರಾ ತಿದ್ದುತ್ತಿದ್ದ ವಾರದಲ್ಲಿ. ನಂಜನಗೂಡು ಸೀಮೆಯ ಆಡುಮಾತಿನಲ್ಲೇ ಅಲ್ಲಿ ಕಥನ ನಡೆಯುತ್ತದೆ. ಅದನ್ನು ಕಂಡವನಿಗೆ ತನ್ನ ಬರಹವೆಲ್ಲ ಇಸ್ತ್ರಿ ಹಾಕಿದ ಅಂಗಿಯಂತೆ ಕಂಡಿತು. ಕೂಡಲೇ ಇದ್ದಬದ್ದ ಆಡುಮಾತನ್ನೆಲ್ಲ ತಂದು ಸುರಿದೆ. ನಮ್ಮ ಮನೆಯಲ್ಲಿ ಯಾರೂ ಆಡದ ಮಾತುಗಳೂ ಅದರಲ್ಲಿ ಸೇರಿಕೊಂಡವು.

‘ಮೇಷ್ಟ್ರು’ ಬಂದದ್ದು ಬೇರೆ ದಾರಿಯಿಂದ. ಮೊದಲ ಕರಡನ್ನು ಓದಿದ ಮೈಸೂರಿನ ಹಿರಿಯರೊಬ್ಬರು “ತಂದೆಯನ್ನು ಏಕವಚನದಲ್ಲಿ ಬರೆದಿದ್ದೀರಲ್ಲ” ಎಂದಷ್ಟೇ ಅಂದರು. ಬೈಯಲಿಲ್ಲ, ತಿದ್ದಿ ಎಂದೂ ಹೇಳಲಿಲ್ಲ. ಅಷ್ಟಕ್ಕೇ ನಾನು ಮನೆಗೆ ಬಂದು ಎಂಟು ಪ್ಯಾರಾಗಳಲ್ಲಿ ಅಪ್ಪನಿಗೆ ಬಹುವಚನ ಹಚ್ಚಿದೆ. ಅಪ್ಪ ತಂದೆಯವರಾದ ಮೇಲೆ ಅವರು ಸೊಪ್ಪು ಬೇಯಿಸುವಂತಿರಲಿಲ್ಲ, ತಂಬಾಕನ್ನು ಹದಗೊಳಿಸಬೇಕಾಯಿತು. ಅವರು ‘ಅಂದರು’ ಸಾಲದೆ ‘ನುಡಿದರು’ ಬಂತು. ಒಂದು ಕ್ರಿಯಾಪದದ ತುದಿ ಬದಲಾದರೆ ವಾಕ್ಯದ ಉಳಿದ ಪದಗಳೂ ಎದ್ದು ನಿಂತು ಅಂಗಿಯ ಗುಂಡಿ ಹಾಕಿಕೊಳ್ಳುತ್ತವೆ ಎಂಬುದು ಆಗ ನನಗೆ ಕಾಣಲಿಲ್ಲ. ಕಂಡಿದ್ದರೂ ಬಿಡುತ್ತಿದ್ದೆನೋ ಇಲ್ಲವೋ. ಆ ಹಿರಿಯರ ಎದುರಿಗೆ ಮರ್ಯಾದಸ್ಥನಂತೆ ಕಾಣುವ ಆಸೆ ನನಗೆ ಇದ್ದೇ ಇತ್ತು.

ಹೀಗೆ ನೋಡಿದರೆ ಆ ಅಂಚಿನ ಗುರುತುಗಳು, ಯಾವ ತಿಂಗಳಲ್ಲಿ ನಾನು ಯಾರನ್ನು ಮೆಚ್ಚಿಸಲು ಹೊರಟಿದ್ದೆ ಎಂಬುದರ ಲೆಕ್ಕದ ಪುಸ್ತಕ. ಕನ್ನಡಕ್ಕೆ ಸಂಸ್ಕೃತವನ್ನು ಹೊಂದಿಕೆಯಿಲ್ಲದೆ ಬೆರೆಸುವುದನ್ನು ಕವಿರಾಜಮಾರ್ಗಕಾರ ಕಾಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದದ್ದಕ್ಕೆ ಹೋಲಿಸುತ್ತಾನೆ. ಬೆರೆಸಿದವನ ಮನಸ್ಸಿನಲ್ಲಿ ಏನಿತ್ತು ಎಂದು ಅವನೂ ಕೇಳಲು ಹೋಗಿಲ್ಲ.

ಸರಿಪಡಿಸಲು ಮೊದಲು ಮಾಡಿದ ಕೆಲಸ ತಪ್ಪಾಗಿತ್ತು. ಕಂಪ್ಯೂಟರಿನಲ್ಲಿ ‘ತಂಬಾಕು’ ಎಂದು ಹುಡುಕಿ ಎಲ್ಲ ಕಡೆ ‘ಹೊಗೆಸೊಪ್ಪು’ ಹಾಕಿದೆ. ಅದು ‘ತಂಬಾಕಿನ’, ‘ತಂಬಾಕಿಗೆ’ಗಳನ್ನು ಮುಟ್ಟಲೇ ಇಲ್ಲ. ಕನ್ನಡದ ಪದ ವಿಭಕ್ತಿ ಹತ್ತಿದೊಡನೆ ತುದಿ ಬದಲಿಸುತ್ತದೆ, ಯಂತ್ರ ಕೊಟ್ಟ ಅಕ್ಷರವನ್ನೇ ಹುಡುಕುತ್ತದೆ. ಮುಟ್ಟಬಾರದ ಕಡೆ ಮಾತ್ರ ಸರಿಯಾಗಿ ಮುಟ್ಟಿತ್ತು. 1976ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ತಂಬಾಕು ಮಂಡಳಿ ನನ್ನ ಪ್ರಬಂಧದಲ್ಲಿ ಹೊಗೆಸೊಪ್ಪು ಮಂಡಳಿಯಾಗಿ ಕೂತಿತ್ತು. ನಮ್ಮೂರಿನಲ್ಲಿ ಬೆಳೆಗೆ ಹೊಗೆಸೊಪ್ಪು ಅಂತೀವಿ, ಕಚೇರಿಗೆ ತಂಬಾಕು ಮಂಡಳಿ ಅಂತೀವಿ, ಒಂದೇ ಉಸಿರಿನಲ್ಲಿ. ದನಿ ಒಂದೇ ಆಗಿರಲು ಪದವೂ ಒಂದೇ ಆಗಿರಬೇಕಿಲ್ಲ. ಇಷ್ಟು ತಿಳಿಯಲು ನನಗೆ ಒಂದು ಸಂಜೆ ಹಾಳಾಯಿತು.

ಆಮೇಲೆ ಹಳೆಯ ಕರಡನ್ನು ಹುಡುಕಿ, ಎರಡು ವರ್ಷದಲ್ಲಿ ನಾನು ಒಮ್ಮೆಯೂ ಕೈಯಾಡಿಸದ ಪ್ಯಾರಾ ಯಾವುದಾದರೂ ಉಳಿದಿದೆಯೇ ಎಂದು ನೋಡಿದೆ. ಒಂದೇ ಒಂದು ಇತ್ತು. ಸೊಪ್ಪು ಮುರಿಯುವುದರ ಬಗ್ಗೆ: ಗಿಡದ ಬುಡದಿಂದ ಶುರುಮಾಡಿ ಮಾಗಿದ ಎರಡು ಮೂರು ಎಲೆಗಳನ್ನಷ್ಟೇ ಮುರಿಯುವುದು, ವಾರ ಬಿಟ್ಟು ಮತ್ತೆ ಮೇಲಿನ ಎಲೆಗೆ ಬರುವುದು, ಅಂಟು ಕೈಗೆ ಹಿಡಿದು ಊಟದ ಹೊತ್ತಿಗೂ ಬಿಡದಿರುವುದು. ಯಾರೂ ಅದನ್ನು ಹೊಗಳಿರಲಿಲ್ಲ, ಯಾರೂ ಆಕ್ಷೇಪಿಸಿರಲಿಲ್ಲ, ಹಾಗಾಗಿ ಬದುಕಿತ್ತು. ಅದನ್ನೇ ಶ್ರುತಿಯಾಗಿ ಇಟ್ಟುಕೊಂಡೆ. ಪ್ರತಿ ಪ್ಯಾರಾ ತಿದ್ದುವ ಮುಂಚೆ ಅದನ್ನು ಒಮ್ಮೆ ಗಟ್ಟಿಯಾಗಿ ಓದುವುದು, ಆ ಉಸಿರು ಆರುವ ಮುಂಚೆ ಮುಂದಿನದಕ್ಕೆ ಕೈ ಹಾಕುವುದು.

ತಿದ್ದುವಾಗ ಒಂದು ಸಲಕ್ಕೆ ಒಂದೇ ಸಂಗತಿ ನೋಡಿದೆ. ಮೊದಲ ಸುತ್ತಿನಲ್ಲಿ ಅಪ್ಪನನ್ನು ಏನೆಂದು ಕರೆಯುವುದು, ಕ್ರಿಯಾಪದ ಯಾವ ವಚನದಲ್ಲಿ. ಎರಡನೆಯದರಲ್ಲಿ ‘ಎಂದು’ ಇರಬೇಕೋ ‘ಅಂತ’ ಇರಬೇಕೋ. ನನ್ನ ನಿರೂಪಣೆಗೆ ‘ಎಂದು’ ಇಟ್ಟೆ, ಮಾತನಾಡುವವರ ಬಾಯಿಗೆ ‘ಅಂತ’ ಬಿಟ್ಟೆ. ಮೂರನೆಯ ಸುತ್ತಿನಲ್ಲಿ ಸಿಕ್ಕಿದ್ದು ನಾನು ಎಣಿಸಿರದ ತೊಂದರೆ. ಒಂದೊಂದು ಪ್ಯಾರಾವನ್ನು ಬೇರೆಯಾಗಿ ಉಜ್ಜಿದ್ದರಿಂದ ಪ್ರತಿಯೊಂದೂ ತಾನೇ ಒಂದು ಪುಟ್ಟ ಪ್ರಬಂಧವಾಗಿ, ಕೊನೆಯಲ್ಲಿ ಒಂದು ಚಪ್ಪಾಳೆಯ ವಾಕ್ಯ ಬೆಳೆಸಿಕೊಂಡಿತ್ತು. ಅರ್ಧಕ್ಕಿಂತ ಹೆಚ್ಚು ಪ್ಯಾರಾಗಳು ಹಾಗೆ. ಆ ವಾಕ್ಯಗಳಿಗೆ ಗೆರೆ ಎಳೆದಾಗ ಹಿಂದಿನ ಪ್ಯಾರಾ ತಾನಾಗಿ ಮುಂದಿನದಕ್ಕೆ ಕೈ ಚಾಚಿತು. ದನಿ ಬೇರೆಬೇರೆ ಅನ್ನಿಸುತ್ತಿದ್ದುದರಲ್ಲಿ ಒಂದು ಪಾಲು ಹೀಗೆ ಪ್ರತಿ ಸಲ ಮುಗಿದು ಪ್ರತಿ ಸಲ ಶುರುವಾಗುತ್ತಿದ್ದುದರಿಂದಲೇ ಇತ್ತು. ಹೊಡೆದು ಹಾಕುವಾಗ ಸಂಕಟವಾಗಲಿಲ್ಲ ಎನ್ನಲಾರೆ. ಎರಡನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಇಪ್ಪತ್ತೇಳನೇ ಪ್ಯಾರಾ ಮಾತ್ರ ಯಾವ ಸುತ್ತಿಗೂ ಬಗ್ಗಲಿಲ್ಲ. ಅದು ಹೀಗಿತ್ತು: “ಅದೇ ಹಂಗಾಮಿನಲ್ಲಿ ಬ್ಯಾರನ್ನಿಗೆ ಬೆಂಕಿ ತಗುಲಿ ಅಪಾರ ನಷ್ಟ ಸಂಭವಿಸಿತು. ಅತಿಯಾದ ಉಷ್ಣದಿಂದ ಎಲೆಗಳು ಉದುರಿ ಕೊಳವೆಯ ಮೇಲೆ ಬಿದ್ದುದೇ ಇದಕ್ಕೆ ಕಾರಣವೆನ್ನಲಾಯಿತು. ತಂದೆಯವರು ಏನೂ ಅನ್ನಲಿಲ್ಲ.”

ವರದಿಗಾರನ ದನಿ. ‘ಸಂಭವಿಸಿತು’ ತೆಗೆದು ‘ಆಯಿತು’ ಮಾಡಿದೆ, ‘ಕೊಳವೆ’ ತೆಗೆದು ‘ಪೈಪು’ ಹಾಕಿದೆ, ‘ಉಷ್ಣ’ ಹೋಗಿ ‘ಉರಿ’ ಬಂತು. ಆದರೂ ಯಾರೋ ತಾಲ್ಲೂಕು ಕಚೇರಿಯಿಂದ ಬಂದು ಮಹಜರು ಬರೆದ ಹಾಗೆಯೇ ಉಳಿಯಿತು. ಪದಗಳನ್ನು ಬದಲಿಸುತ್ತ ಎರಡು ದಿನ ಕಳೆದೆ. ಆ ಮೇಲೆ ಅವ್ವನಿಗೆ ಓದಿ ಹೇಳಿದೆ. ಅವಳಿಗೆ ಓದು ಬಾರದು, ಕಿವಿ ಚುರುಕು. ಕೇಳಿಸಿಕೊಂಡು ಅಂದಳು: “ಅವತ್ತು ರಾತ್ರಿ ಉರಿ ನೋಡ್ತಿದ್ದೋರು ಯಾರು ಅಂತ ಬರ್ದೇ ಇಲ್ವಲ್ಲ ಮಗಾ?”

ಉರಿ ನೋಡುತ್ತಿದ್ದವನು ನಾನು. ಸೊಪ್ಪು ಬೇಯಲು ಐದಾರು ದಿನ ಬೇಕು. ಮೊದಲು ಸಣ್ಣ ಉರಿಯಲ್ಲಿ ಎಲೆ ಹಳದಿಗೆ ತಿರುಗಬೇಕು, ಆಮೇಲೆ ಎಲೆ ಒಣಗಬೇಕು, ಕೊನೆಗೆ ನರ ಒಣಗಲು 160 ಡಿಗ್ರಿ ಫ್ಯಾರನ್‌ಹೀಟ್ ಹತ್ತಿರಕ್ಕೆ ಏರಿಸಬೇಕು. ಅಪಾಯ ಇರುವುದು ಆ ಕೊನೆಯ ಹಂತದಲ್ಲೇ. ಗರಿಗರಿಯಾದ ಎಲೆ ಕಡ್ಡಿಯಿಂದ ಜಾರಿ ಕಾದ ಪೈಪಿನ ಮೇಲೆ ಬಿದ್ದರೆ ಸಾಕು. ಎರಡು ರಾತ್ರಿ ನಿದ್ದೆಗೆಟ್ಟಿದ್ದ ಅಪ್ಪ, ಬೆಳಗಿನ ಜಾವದವರೆಗೆ ನೋಡಿಕೋ ಎಂದು ನನಗೆ ಹೇಳಿ ಮಲಗಿದ್ದ. ಒಲೆಗೆ ಒಮ್ಮೆಗೇ ಹೆಚ್ಚು ಸೌದೆ ತುಂಬಿದರೆ ಪದೇಪದೇ ಏಳಬೇಕಾಗಿಲ್ಲ ಎಂದು ಹದಿನೇಳು ವರ್ಷದ ನಾನು ಲೆಕ್ಕ ಹಾಕಿದೆ. ತುಂಬಿ, ಮಲಗಿದೆ.

ಊರವರು ಕೇಳಿದಾಗಲೆಲ್ಲ ಅಪ್ಪ ಹೇಳಿದ್ದು “ಸೊಪ್ಪು ಉದುರಿ ಪೈಪಿನ ಮೇಲೆ ಬಿತ್ತು” ಎಂದು. ಸುಳ್ಳಲ್ಲ. ಆದರೆ ಆ ವಾಕ್ಯದಲ್ಲಿ ಮನುಷ್ಯರು ಯಾರೂ ಇಲ್ಲ. ನಾನು ‘ಕಾರಣವೆನ್ನಲಾಯಿತು’ ಎಂದು ಬರೆದಾಗ, ಅಪ್ಪ ನನ್ನನ್ನು ಉಳಿಸಲು ಕಟ್ಟಿದ ವಾಕ್ಯಕ್ಕೆ ಕೋಟು ತೊಡಿಸಿ ನಾನೇ ಅದರೊಳಗೆ ಅಡಗಿದ್ದೆ. ದನಿ ಹೊಂದುತ್ತಿಲ್ಲ ಎಂದು ಪದಗಳನ್ನು ಅತ್ತಿತ್ತ ಸರಿಸುತ್ತಿದ್ದವನಿಗೆ, ಅಲ್ಲಿ ಮಾತಾಡುವವನೇ ಇಲ್ಲ ಎಂದು ಹೊಳೆದಿರಲಿಲ್ಲ. ಹೊಳೆದಿರಲಿಲ್ಲವೋ, ಹೊಳೆಯದಂತೆ ನೋಡಿಕೊಂಡಿದ್ದೆನೋ.

ಈಗ ಬರೆದಿದ್ದೇನೆ: “ಬ್ಯಾರನ್ನಿಗೆ ಬೆಂಕಿ ಬಿತ್ತು. ಉರಿ ನೋಡಬೇಕಿದ್ದವನು ನಾನು, ಸೌದೆ ತುಂಬಿ ಮಲಗಿದ್ದೆ. ನಮ್ಮಪ್ಪ ಏನೂ ಅನ್ನಲಿಲ್ಲ.” ಹಿಂದಿನ ಮುಂದಿನ ಪ್ಯಾರಾಗಳಿಗೆ ಹೊಂದಿಕೊಂಡಿದೆ. ಓದಿದರೆ ಚೆನ್ನಾಗಿ ಕೇಳುತ್ತದೆ. ಅದೇ ಈಗ ಕಸಿವಿಸಿ. ಮೈಸೂರಿನ ಹಿರಿಯರನ್ನು ಮೆಚ್ಚಿಸಲು ಬಹುವಚನ ಹಚ್ಚಿದವನು, ತಪ್ಪೊಪ್ಪಿಕೊಳ್ಳುವವರನ್ನು ಮೆಚ್ಚುವ ಓದುಗರಿಗಾಗಿ ಇದನ್ನೂ ಮಾಡಿರಲಾರನೇ? ಅಂಚಿನಲ್ಲಿ ಈ ಪ್ಯಾರಾಕ್ಕೆ ಯಾರ ಹೆಸರು ಬರೆಯಬೇಕೆಂದು ಪೆನ್ಸಿಲ್ ಹಿಡಿದು ಸುಮ್ಮನೆ ಕೂತಿದ್ದೆ.

ಆಗ ಗಮನಿಸಿದ್ದು, ಕೊನೆಯ ವಾಕ್ಯದ ಕ್ರಿಯಾಪದವನ್ನು ಎರಡು ವರ್ಷದಲ್ಲಿ ನಾನು ಒಮ್ಮೆಯೂ ತಿದ್ದಿಲ್ಲ. ತಿದ್ದುವ ಅಗತ್ಯವೇ ಬಿದ್ದಿಲ್ಲ. ‘ಅನ್ನಲಿಲ್ಲ’ ಎಂಬುದಕ್ಕೆ ಏಕವಚನ ಬಹುವಚನದ ಭೇದವಿಲ್ಲ. ತಂದೆಯವರಿಗೂ ಅದೇ, ನಮ್ಮಪ್ಪನಿಗೂ ಅದೇ, ನನಗೂ ಅದೇ.