ಪರದೆ ಏಳುವ ಮುಂಚಿನ ಎರಡು ನಿಮಿಷ

ನಮ್ಮ ಕಡೆ ಜಾತ್ರೆ ನಾಟಕ ಶುರುವಾಗುವುದು ರಾತ್ರಿ ಹತ್ತರ ಮೇಲೆ, ಮುಗಿಯುವುದು ಕೋಳಿ ಕೂಗುವ ಹೊತ್ತಿಗೆ. ಅದಕ್ಕೂ ಮುಂಚೆ ಬಣ್ಣ ಹಚ್ಚಿಕೊಂಡವರೆಲ್ಲ ಪರದೆ ಹಿಂದೆ ಸಾಲಾಗಿ ನಿಂತು ಪ್ರಾರ್ಥನೆ ಹಾಡುತ್ತಾರೆ. ನಾಟಕಕ್ಕೆ ಮೊದಲು ನಾಂದಿ ಇರಬೇಕು ಅಂತ ಭರತನ ನಾಟ್ಯಶಾಸ್ತ್ರದಲ್ಲೇ ಇದೆ. ನಮ್ಮ ತಂಡದಲ್ಲಿ ಅದನ್ನು ಹೇಳಿಕೊಡುತ್ತಿದ್ದವರು ಒಬ್ಬರೇ ಹಿರಿಯರು. ಅವರು ತೀರಿಕೊಂಡಾಗ ಹಾಡೂ ಅವರ ಜೊತೆಗೇ ಹೋಯಿತು. ಎಲ್ಲೂ ಬರೆದಿಟ್ಟಿರಲಿಲ್ಲ. ಉಳಿದವರಿಗೆ ಅಲ್ಲೊಂದು ಸಾಲು, ಇಲ್ಲೊಂದು ಸಾಲು ನೆನಪು.

ಪೇಪರಿಗೆ ಬರೆಯುವವರು ಅಂತ ಹೊಸ ಹಾಡು ಬರೆಯುವ ಕೆಲಸ ನಮ್ಮ ಪಾಲಿಗೆ ಬಂತು. ಓದುವುದಕ್ಕೆ ಬರೆಯುವುದೇ ಬೇರೆ, ಹದಿನಾಲ್ಕು ಜನ ಒಟ್ಟಿಗೆ ಹಾಡುವುದಕ್ಕೆ ಬರೆಯುವುದೇ ಬೇರೆ. ಆ ಲೆಕ್ಕವನ್ನು ನಮಗೆ ಹೇಳಿಕೊಟ್ಟವರು ಪೇಟಿ ಮಾಸ್ತರರು.

ಅವರು ಪದಕ್ಕೆ ಮೊದಲು ತಾಳ ಹಿಡಿದರು. ಕೆರವಾ, ಅಂದರೆ ಎಂಟು ಮಾತ್ರೆಯ ತಾಳ. ಭಜನೆ ಕೇಳಿದ ಎಲ್ಲರ ಕೈಗೂ ಅದು ಗೊತ್ತು. ಒಂದು ಸಾಲಿಗೆ ಎರಡು ಸುತ್ತು, ಅಂದರೆ ಹದಿನಾರು ಮಾತ್ರೆ. ಆ ಹದಿನಾರನ್ನು ನಾಲ್ಕು ನಾಲ್ಕರಂತೆ ಒಡೆಯಬೇಕು. ಎಣಿಸುವುದು ಶಾಲೆಯಲ್ಲಿ ಕಲಿತ ಹಾಗೆಯೇ: ಗಿಡ್ಡ ಅಕ್ಷರಕ್ಕೆ ಒಂದು, ಉದ್ದ ಅಕ್ಷರಕ್ಕೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಸೊನ್ನೆ ಇರುವ ಅಕ್ಷರಕ್ಕೂ ಎರಡು.

ತಂಡದಲ್ಲಿದ್ದ ಸಾಲಿ ಮಾಸ್ತರರು ಮೊದಲು ಒಂದು ಸಾಲು ಕೊಟ್ಟರು: ‘ಸರ್ವಕಲಾಧೀಶ್ವರಿ ಸುಸ್ವರದಾಯಿನಿ’. ಓದಲು ಚೆಂದ. ಎಣಿಸಿದರೆ ಹದಿನೆಂಟು ಮಾತ್ರೆ. ಮಿಕ್ಕ ಎರಡು ಮಾತ್ರೆ ಮುಂದಿನ ಸುತ್ತಿನೊಳಗೆ ಹೋಗಿ ಬೀಳುತ್ತದೆ. ಅದಕ್ಕಿಂತ ದೊಡ್ಡ ತೊಡಕು ಒತ್ತಕ್ಷರ. ಒಬ್ಬರೇ ಹಾಡಿದರೆ ‘ಶ್ವ’, ‘ಸ್ವ’ ಸ್ಪಷ್ಟ. ಹದಿನಾಲ್ಕು ಜನ ಅಂದಾಗ ಒಬ್ಬರದು ಮುಂದೆ, ಒಬ್ಬರದು ಹಿಂದೆ. ಮೈಕಿನಲ್ಲಿ ಬರೀ ‘ಸ್ ಸ್’ ಅಂತ ಕೇಳುತ್ತದೆ. ಪೇಟಿ ಮಾಸ್ತರರು ನಕ್ಕರು: “ಸರ, ಇದು ಒಬ್ಬರ ಬಾಯಿಗಿ ಚಲೋ ಐತ್ರಿ. ಮೇಳದಾಗ ಅಂದ್ರ ಹಾವು ಬುಸ್ ಅಂದಂಗ ಕೇಳತೈತಿ.”

ಎರಡನೇ ಪ್ರಶ್ನೆ ಇನ್ನೂ ಗಟ್ಟಿ: ಯಾವ ದೇವರ ಹೆಸರು? ಹಳೆಯ ಹಾಡಿನಲ್ಲಿ ಊರಿನ ದೇವರೆಲ್ಲ ಇದ್ದವು. ಹನುಮಪ್ಪ ಮೊದಲೋ, ದ್ಯಾಮವ್ವ ಮೊದಲೋ ಅಂತ ಓಣಿ ಓಣಿಯ ನಡುವೆ ಮಾತು ಬರುತ್ತಿತ್ತು. ಬೀರಪ್ಪನ ಹೆಸರು ಯಾಕಿಲ್ಲ ಅಂತ ಕೇಳಿದವರಿದ್ದರು. ಖಳನಾಯಕನ ಪಾತ್ರ ಮಾಡುವ ಹುಡುಗ ಪಿಂಜಾರರ ಮನೆಯವನು. ಯಾರೂ ಅವನನ್ನು ಏನೂ ಅನ್ನಲಿಲ್ಲ, ಅವನೂ ಏನೂ ಕೇಳಲಿಲ್ಲ. ಆದರೆ ಪ್ರಾರ್ಥನೆ ಹೊತ್ತಿಗೆ ಅವನು ಸಾಲಿನ ತುದಿಗೆ ಸರಿದು ತುಟಿ ಅಲ್ಲಾಡಿಸದೆ ನಿಲ್ಲುವುದನ್ನು ನಾವು ಮೂರು ವರ್ಷದಿಂದ ನೋಡಿದ್ದೆವು.

ಆಗ ನಾವು ಯೋಚಿಸಿದ್ದು ಇಷ್ಟೇ: ಆ ರಾತ್ರಿ ನಿಜವಾಗಿ ನಮ್ಮನ್ನು ಕಾಯಬೇಕಾದದ್ದು ಯಾವುದು? ದೀಪ ಆರಬಾರದು. ಹಲಗೆ ಮುರಿಯಬಾರದು. ಮಾತು ಮರೆಯಬಾರದು. ಗಂಟಲು ಬೆಳಗಿನ ತನಕ ಬರಬೇಕು. ಕುಂತವರು ಎದ್ದು ಹೋಗಬಾರದು. ಇವನ್ನೇ ಬೇಡಿಕೊಂಡೆವು:

ಹಚ್ಚಿದ ದೀಪವೆ ಆರದೆ ನಿಲ್ಲು
ಹಾಸಿದ ಹಲಗೆಯೆ ಕದಲದೆ ನಿಲ್ಲು

ಮರೆತರೆ ಮಾತನು ನಾಲಿಗೆಗಿಳಿಸು
ಬೆಳಗಿನವರೆಗೂ ದನಿಯನು ಉಳಿಸು

ಕುಂತವರೆಲ್ಲರು ದೇವರೆ ನಮಗೆ
ನಿದ್ದೆಯ ಬಿಟ್ಟಿರಿ ನಮ್ಮಯ ಜೊತೆಗೆ

ಮೊದಲ ಸಾಲು ಎಣಿಸಿ ನೋಡಿ. ಹಚ್ಚಿದ ನಾಲ್ಕು, ದೀಪವೆ ನಾಲ್ಕು, ಆರದೆ ನಾಲ್ಕು, ನಿಲ್ಲು ಮೂರು. ಒಂದು ಮಾತ್ರೆ ಕಡಿಮೆ ಇದೆ. ಅದನ್ನು ಬೇಕೆಂದೇ ಬಿಟ್ಟದ್ದು. ಪ್ರತಿ ಸಾಲಿನ ಕೊನೆಗೂ ಹಾಗೆಯೇ ಒಂದು ಮಾತ್ರೆ ಖಾಲಿ. ಅಲ್ಲಿ ಎಲ್ಲರೂ ಒಟ್ಟಿಗೆ ಉಸಿರು ತಗೊಳ್ಳುತ್ತಾರೆ. ಸಾಲು ಪೂರ್ತಿ ತುಂಬಿದರೆ ಒಬ್ಬೊಬ್ಬರು ಒಂದೊಂದು ಕಡೆ ಉಸಿರು ಕದಿಯುತ್ತಾರೆ, ಮೇಳ ಒಡೆಯುತ್ತದೆ.

ರಾಗಕ್ಕೆ ಮಾಸ್ತರರು ಭೂಪ್ ಆರಿಸಿದರು. ಐದೇ ಸ್ವರ: ಸ ರಿ ಗ ಪ ಧ. ರಾತ್ರಿಯ ಮೊದಲ ಜಾವಕ್ಕೆ ಹೊಂದುವ ರಾಗ, ಕಲಿಯದವರಿಗೂ ಬೇಗ ಕೂರುತ್ತದೆ. ಧಾಟಿಯನ್ನು ಅವರು ಕೆಳಗಿನ ‘ಸ’ದಿಂದ ‘ಧ’ದವರೆಗೆ ಮಾತ್ರ ಬಿಟ್ಟರು, ಮೇಲಿನ ‘ಸ’ ಮುಟ್ಟಿಸಲಿಲ್ಲ. ಕಾರಣ ಶ್ರುತಿ. ಗಂಡಸರಿಗೆ ಕಪ್ಪು ಒಂದು ಸಲೀಸು. ಹೊರಗಿನಿಂದ ಬರುವ ಕಲಾವಿದೆ ತಮ್ಮ ಹಾಡುಗಳನ್ನು ಹಾಡುವುದು ಕಪ್ಪು ನಾಲ್ಕಕ್ಕೆ. ಪ್ರಾರ್ಥನೆಯನ್ನು ಕಪ್ಪು ಒಂದಕ್ಕೆ ಇಟ್ಟು ಧಾಟಿಯನ್ನು ಆರು ಸ್ವರದ ಎತ್ತರದೊಳಗೆ ಕಟ್ಟಿದರೆ, ಗಂಡಸರು ಕೆಳಗಿನ ಸಪ್ತಕದಲ್ಲಿ, ಅವರು ಅದರ ಮೇಲಿನ ಸಪ್ತಕದಲ್ಲಿ ಯಾರೂ ಕಿರುಚದೆ ಹಾಡಬಹುದು. ಇನ್ನೊಂದು ಅನುಕೂಲವೂ ಇದೆ. ಕಪ್ಪು ಒಂದರ ‘ಪ’ ಅಂದರೆ ಕಪ್ಪು ನಾಲ್ಕೇ. ಕಲಾವಿದೆಯ ಹಾಡಿಗೆಂದು ಕಪ್ಪು ನಾಲ್ಕಕ್ಕೆ ಕೂಡಿಸಿದ ತಬಲಾ ಪ್ರಾರ್ಥನೆಗೂ ಹೊಂದುತ್ತದೆ. ಪರದೆ ಏಳುವ ಗಡಿಬಿಡಿಯಲ್ಲಿ ಸುತ್ತಿಗೆ ಹಿಡಿದು ತಬಲಾ ಬಡಿಯುತ್ತಾ ಕೂರಬೇಕಿಲ್ಲ.

ಕಲಾವಿದೆ ತಾಲೀಮಿಗೆ ಬರುವುದೇ ಕೊನೆಯ ದಿನ, ಕೆಲವೊಮ್ಮೆ ನಾಟಕದ ದಿನ ಸಂಜೆ. ಅವರಿಗೆ ಹಾಡು ಬಾಯಿಪಾಠ ಮಾಡಲು ಹೊತ್ತೆಲ್ಲಿ? ಆದ್ದರಿಂದ ಒಬ್ಬರು ಸಾಲು ಎತ್ತಿಕೊಡುವುದು, ಉಳಿದವರು ಅದನ್ನೇ ಹಿಂದೆ ಅನ್ನುವುದು ಅಂತ ಮಾಡಿದೆವು. ಎರಡೆರಡು ಸಾಲಿಗೊಮ್ಮೆ ದೀಪದ ಪಲ್ಲವಿಗೆ ವಾಪಸು. ಎಲ್ಲ ಸೇರಿ ಸುಮಾರು ಎರಡು ನಿಮಿಷ. ಅವರು ಒಮ್ಮೆ ಕೇಳಿ ಹೇಳಿದರು: “ಸಾಕ್ರೀ ಅಣ್ಣಾರ, ನೀವು ಮುಂದ ಅನ್ರಿ, ನಾ ಹಿಂದ ಬರ್ತೀನಿ.”

ಹಾಡು ಸರಿಯಾಗಿದೆಯೇ ಅಂತ ನೋಡಲು ಒಂದು ಪರೀಕ್ಷೆ ಮಾಡಿದೆವು. ಹಾಡು ಕೇಳದ ಒಬ್ಬ ಹುಡುಗನನ್ನು ಗುಡಿ ಕಟ್ಟೆಯ ಮೇಲೆ ಕೂರಿಸಿ, ಮೈಕಿಲ್ಲದೆ ಎಲ್ಲರೂ ಹಾಡಿದೆವು. ಕೇಳಿದ ಪದಗಳನ್ನು ಅವನು ಹೇಳಬೇಕು. ಅವನು ತಡವರಿಸಿದ್ದು ‘ನಾಲಿಗೆಗಿಳಿಸು’ ಎಂಬಲ್ಲಿ ಮಾತ್ರ. ಅಲ್ಲಿ ಪದದ ನಡುವೆ ತಾಳ ಒಡೆಯುತ್ತದೆ. ಮಾಸ್ತರರು ‘ನಾಲಿಗೆ’ ಆದ ಮೇಲೆ ಸ್ವರ ಬದಲಿಸದೆ ಅದೇ ಸ್ವರದಲ್ಲಿ ‘ಗಿಳಿಸು’ ಸೇರಿಸಿದರು. ಎರಡನೇ ಸಲ ಅವನಿಗೆ ತಿಳಿಯಿತು.

ದೇವರ ಹೆಸರು ಹಾಡಿನಲ್ಲಿ ಇಲ್ಲ, ಜೈಕಾರದಲ್ಲಿದೆ. ಹಾಡು ಮುಗಿದ ಮೇಲೆ ಯಾರಿಗೆ ಯಾವ ಹೆಸರು ಬೇಕೋ ಕೂಗಬಹುದು, ಉಳಿದವರು ಜೈ ಅನ್ನುತ್ತಾರೆ. ಇದು ಎಲ್ಲರಿಗೂ ಒಪ್ಪಿಗೆಯಾಯಿತು ಅಂತಲ್ಲ. “ಗಣಪ್ಪನ ಹೆಸರಿಲ್ಲದ ಅದೆಂಥಾ ಪ್ರಾರ್ಥನಿ?” ಅಂತ ಒಬ್ಬ ಕಾಕಾ ಇವತ್ತಿಗೂ ಕೇಳುತ್ತಾರೆ. ಕಾಯಿ ಒಡೆಯುವಾಗ ಗಣಪತಿ ಪೂಜೆ ಆಗಿರುತ್ತದಲ್ಲ ಕಾಕಾ ಅಂದರೆ, “ಅದು ಬ್ಯಾರೆ, ಇದು ಬ್ಯಾರೆ” ಅನ್ನುತ್ತಾರೆ. ಅವರ ಮಾತಿನಲ್ಲೂ ಅರ್ಥವಿದೆ.

ನಾಟಕದ ರಾತ್ರಿ ಮೂರನೇ ಗಂಟೆ ಹೊಡೆದಾಗ ಖಳನಾಯಕ ಸಾಲಿನ ತುದಿಯಲ್ಲೇ ನಿಂತಿದ್ದ. ‘ಕುಂತವರೆಲ್ಲರು’ ಬಂದಾಗ ಅವನ ದನಿ ಎಲ್ಲರಿಗಿಂತ ಮೇಲೆ ಕೇಳಿತು. ಪರದೆಯ ಆಚೆ ಗದ್ದಲ ಒಂದಿಷ್ಟು ತಗ್ಗಿತು.

ಈಗ ಹಾಡು ತಂಡದ ನೋಟುಬುಕ್ಕಿನಲ್ಲಿದೆ. ಮೇಲ್ಗಡೆ ಭೂಪ್, ಕೆರವಾ, ಕಪ್ಪು ಒಂದು ಅಂತ ಬರೆದು, ಪ್ರತಿ ಸಾಲಿನ ಕೆಳಗೆ ಸ್ವರ ಹಾಕಿದ್ದೇವೆ. ಮಾಸ್ತರರು ಒಮ್ಮೆ ಪೇಟಿಯಲ್ಲಿ ನುಡಿಸಿದ್ದನ್ನು ನಾಲ್ಕು ಜನರ ಫೋನಿನಲ್ಲಿ ಇಟ್ಟಿದ್ದೇವೆ. ನಿಮ್ಮ ಊರಿನ ಹಳೆಯ ಪ್ರಾರ್ಥನೆ ಒಬ್ಬರ ಬಾಯಲ್ಲಿ ಮಾತ್ರ ಇದ್ದರೆ, ಹೊಸದನ್ನು ಬರೆಯುವ ಮುಂಚೆ ಅವರ ಮನೆಗೆ ಹೋಗಿ ಅದನ್ನು ಬರೆದುಕೊಳ್ಳಿ.