ಆ ಬೆರಳೆಣಿಕೆಯವರಲ್ಲಿ ನಾನಿದೀನಾ ಸಾರ್?

ಬ್ಯಾಂಕ್ ಮ್ಯಾನೇಜರಿಗೆ ವರ್ಗಾವಣೆ ಹೊಸತಲ್ಲ. ಆರ್ಡರ್ ಬರುತ್ತದೆ. ಸೇಫಿನ ಕೀಲಿಕೈ, ಬಾಕಿ ಫೈಲುಗಳನ್ನು ಬಂದವರಿಗೆ ಒಪ್ಪಿಸಿ, ಸಹಿ ಹಾಕಿ, ಸಂಜೆ ಹಾರ, ಶಾಲು, ಫೋಟೊ ಮುಗಿಸಿ ಹೊರಡುತ್ತೇವೆ. ಶಾಖೆಯ ವಾಟ್ಸಾಪ್ ಗುಂಪಿಗೆ ವಿದಾಯದ ನಾಲ್ಕು ಮಾತು ಬರೆಯುವುದೂ ಈಗ ಇದರಲ್ಲಿ ಸೇರಿಕೊಂಡಿದೆ. ಜಯನಗರದ ಶಾಖೆಯಿಂದ ಹೊರಟಾಗ ಉಳಿದದ್ದನ್ನೆಲ್ಲ ಸರಿಯಾಗಿ ಮಾಡಿ, ಈ ನಾಲ್ಕು ಮಾತಿನಲ್ಲಿ ನಾನು ಎಡವಿದೆ.

ನಾನು ಬರೆದದ್ದು ಉದ್ದದ ಸಂದೇಶ. ಮೇಲ್ನೋಟಕ್ಕೆ ತುಂಬಾ ಧನ್ಯವಾದಗಳಿದ್ದವು. ಅದರ ನಡುವೆ ‘ಸಿಬ್ಬಂದಿ ಕೊರತೆಯಿದ್ದರೂ ಬೆರಳೆಣಿಕೆಯ ಜನರ ಶ್ರಮದಿಂದ ಮಾರ್ಚ್ ದಾಟಿದೆವು’ ಎಂಬ ಸಾಲು; ಕೊನೆಗೆ ‘ಕಷ್ಟದ ದಿನಗಳಲ್ಲಿ ಜೊತೆಗೆ ನಿಂತವರಿಗೆ ವಿಶೇಷ ಕೃತಜ್ಞತೆ.’ ಎರಡೂ ಒಬ್ಬ ಅಧಿಕಾರಿಗೆ ಮುಟ್ಟಲಿ ಎಂದೇ ಬರೆದದ್ದು. ವರ್ಷದ ಲೆಕ್ಕ ಮುಗಿಸುವ ವಾರದಲ್ಲಿ ರಜೆ ಹಾಕಿ ಹೋಗಿದ್ದರು ಎಂಬ ಸಿಟ್ಟು ನನ್ನಲ್ಲಿತ್ತು. ಅದನ್ನು ಎದುರಿಗೆ ಹೇಳುವ ಧೈರ್ಯ ಇರಲಿಲ್ಲ.

ಅವರು ಒಂದು ಹೆಬ್ಬೆರಳು ಒತ್ತಿ ಸುಮ್ಮನಾದರು. ಏಟು ಬಿದ್ದದ್ದು ಬೇರೆಯವರಿಗೆ. ನಿವೃತ್ತಿಯ ಹೊಸ್ತಿಲಲ್ಲಿದ್ದ ಹೆಡ್ ಕ್ಯಾಷಿಯರ್ ಫೋನ್ ಮಾಡಿ, “ಆ ಬೆರಳೆಣಿಕೆಯವರಲ್ಲಿ ನಾನಿದೀನಾ ಸಾರ್?” ಎಂದು ಕೇಳಿದರು. ಆ ಮಾರ್ಚಿನಲ್ಲಿ ಹೆರಿಗೆ ರಜೆಯಲ್ಲಿದ್ದ ಕ್ಲರ್ಕ್ ಒಬ್ಬರು ಆ ‘ಜೊತೆಗೆ ನಿಂತವರು’ ತನ್ನನ್ನು ಕುರಿತ ಚುಚ್ಚುಮಾತೆಂದೇ ತಿಳಿದು ಅತ್ತರಂತೆ. ಹೆಸರಿಲ್ಲದ ದೂರು ಹೀಗೇ. ಯಾರಿಗೆ ಬರೆದೆವೋ ಅವರು ತಮಗಲ್ಲ ಎಂದುಕೊಳ್ಳುತ್ತಾರೆ, ಸೂಕ್ಷ್ಮ ಮನಸ್ಸಿನವರು ತಮಗೇ ಎಂದುಕೊಳ್ಳುತ್ತಾರೆ. ಅಷ್ಟರಲ್ಲಿ ನಾನು ಬೇರೆ ಊರಿನಲ್ಲಿದ್ದೆ; ಕೂತು ಮಾತಾಡಿ ಸರಿಪಡಿಸಲು ಆ ಟೇಬಲ್ ನನ್ನದಾಗಿ ಉಳಿದಿರಲಿಲ್ಲ.

ಮುಂದೆ ಬನಶಂಕರಿಯ ಶಾಖೆಗೆ ಬಂದು, ಅಲ್ಲಿಂದಲೂ ಹೊರಡುವ ಹೊತ್ತಾಯಿತು. ಈ ಸಲ ಸಂದೇಶಕ್ಕೆ ಮೊದಲು ದೂರುಗಳನ್ನೆಲ್ಲ ಬೇರೆ ಹಾಳೆಯಲ್ಲಿ ಬರೆದೆ. ಸಿಬ್ಬಂದಿ ಸಾಲದು ಎಂಬುದು ಪ್ರಾದೇಶಿಕ ಕಚೇರಿಗೆ ಪತ್ರವಾಯಿತು. ಲಾಕರ್ ರಿಜಿಸ್ಟರಿನಲ್ಲಿ ಸಹಿ ಬಿಟ್ಟುಹೋಗುವ ವಿಷಯ ಚಾರ್ಜ್ ಕೊಡುವ ಟಿಪ್ಪಣಿಗೆ ಹೋಯಿತು, ಯಾರ ಹೆಸರೂ ಇಲ್ಲದೆ. ಒಬ್ಬರ ಜೊತೆ ಇದ್ದ ಮನಸ್ತಾಪವನ್ನು ಹೊರಡುವ ವಾರಕ್ಕೆ ಮುಂಚೆ ಕ್ಯಾಬಿನ್ನಿನಲ್ಲಿ ಕೂತು ಆಡಿಕೊಂಡೆವು. ಪೂರ್ತಿ ಸರಿಹೋಯಿತೆಂದು ಹೇಳಲಾರೆ, ಆದರೆ ಸಂದೇಶದೊಳಗೆ ನುಸುಳುವಷ್ಟು ಉಳಿಯಲಿಲ್ಲ.

ಆಮೇಲೆ ಇಷ್ಟು ಬರೆದೆ:

“ಎಲ್ಲರಿಗೂ ನಮಸ್ಕಾರ. ಸೋಮವಾರದಿಂದ ನಾನು ಹಾಸನದ ಶಾಖೆಯಲ್ಲಿರುತ್ತೇನೆ. ನವೆಂಬರಿನಲ್ಲಿ ಲೈಫ್ ಸರ್ಟಿಫಿಕೇಟಿಗೆ ಬಂದ ಹಿರಿಯರನ್ನು ಕುರ್ಚಿ ಹಾಕಿ ಕೂರಿಸಿ, ಕೆಲಸ ಮುಗಿಸಿ ಕಳಿಸಿದ ಶಾಖೆ ಇದು. ಬಾಗಿಲಿನಿಂದ ಕೌಂಟರಿನವರೆಗೆ ಎಲ್ಲರ ಕೈಯೂ ಅದರಲ್ಲಿತ್ತು. ನಿಮ್ಮೆಲ್ಲರಿಂದ ಬಹಳ ಕಲಿತೆ. ಹೊಸ ಮ್ಯಾನೇಜರ್ ಮೇಡಂಗೆ ಇವತ್ತು ಚಾರ್ಜ್ ಕೊಟ್ಟಿದ್ದೇನೆ. ನನ್ನ ನಂಬರ್ ಇದೇ. ಹಾಸನದ ಕಡೆ ಬಂದರೆ ಮನೆಗೆ ಬನ್ನಿ, ಊಟ ಮಾಡಿಕೊಂಡು ಹೋಗುವಿರಂತೆ.”

ಕಳಿಸುವ ಮುಂಚೆ ಶಾಖೆಯ ಒಬ್ಬೊಬ್ಬರ ಹೆಸರನ್ನೂ ಮನಸ್ಸಿನಲ್ಲಿ ತಂದುಕೊಂಡು, ಅವರೇ ಓದುತ್ತಿದ್ದಾರೆ ಎಂಬಂತೆ ಓದಿದೆ: ಸೆಕ್ಯುರಿಟಿಯವರು, ಕಸ ಗುಡಿಸುವ ಅಮ್ಮ, ನನಗೆ ಹಿಡಿಸದವರು, ರಜೆಯಲ್ಲಿದ್ದವರು. ಮೊದಲ ಕರಡಿನಲ್ಲಿ ‘ತಡರಾತ್ರಿಯವರೆಗೆ ದುಡಿದವರಿಗೆ’ ಎಂದಿತ್ತು. ಚಿಕ್ಕ ಮಕ್ಕಳಿರುವವರು ಐದೂವರೆಗೆ ಹೊರಡುತ್ತಿದ್ದರು, ಆ ಸಾಲು ಅವರಿಗೆ ಚುಚ್ಚುತ್ತಿತ್ತು, ತೆಗೆದೆ. ‘ನನ್ನಿಂದ ಯಾರಿಗಾದರೂ ಬೇಸರವಾಗಿದ್ದರೆ ಕ್ಷಮಿಸಿ’ ಎಂಬುದನ್ನೂ ತೆಗೆದೆ. ಅದು ಕ್ಷಮೆ ಕೇಳಿದಂತೆ ಕಂಡರೂ ಬೇಸರ ಪಟ್ಟವರದೇ ತಪ್ಪು ಎಂಬ ಧ್ವನಿ ಅದರಲ್ಲಿದೆ. ಕ್ಷಮೆ ಕೇಳಬೇಕಾದ ಒಬ್ಬರಿದ್ದರು, ಅವರ ಟೇಬಲ್ಲಿಗೇ ಹೋಗಿ ಕೇಳಿದೆ. ಹತ್ತಿರದವರಿಗೆ ಹೇಳಬೇಕಾದ ಹೆಚ್ಚಿನ ಮಾತುಗಳೂ ಹೀಗೆ ಬಿಡಿಬಿಡಿಯಾಗಿ ಹೋದವು. ಗುಂಪಿನಲ್ಲಿ ಇಬ್ಬರ ಹೆಸರೆತ್ತಿದರೆ ಮೂರನೆಯವರು ತಮ್ಮ ಹೆಸರು ಹುಡುಕುತ್ತಾರೆ.

ಹೊತ್ತಿನ ಬಗ್ಗೆ ಒಂದು ಮಾತು. ಜಯನಗರದ ಸಂದೇಶ ಹೋದದ್ದು ರಾತ್ರಿ, ಬಸ್ಸಿನಲ್ಲಿ ಕೂತ ಮೇಲೆ. ಬನಶಂಕರಿಯದನ್ನು ಚಾರ್ಜ್ ಕೊಟ್ಟು, ಸೆಂಡಾಫ್‌ಗೆ ಮುಂಚೆ ಮಧ್ಯಾಹ್ನವೇ ಕಳಿಸಿದೆ. ಓದಿದವರು ಎದ್ದು ಕ್ಯಾಬಿನ್ನಿಗೆ ಬಂದು ಮಾತಾಡುವಷ್ಟು ಸಮಯವಿತ್ತು.

ವರ್ಗಾವಣೆಯ ಆರ್ಡರ್ ಕೈಯಲ್ಲಿರುವವರು ಇನ್ನೊಂದನ್ನು ಮರೆಯಬೇಡಿ. ಉತ್ತರಗಳೆಲ್ಲ ಬಂದ ಮೇಲೆ, ಎರಡು ಮೂರು ದಿನ ಬಿಟ್ಟು ಆ ಗುಂಪಿನಿಂದ ನೀವೇ ಹೊರಬನ್ನಿ. ಹಳೇ ಮ್ಯಾನೇಜರ್ ಓದುತ್ತಿರುವಾಗ ಹೊಸಬರ ಮಾತಿಗೆ ‘ಸರಿ ಮೇಡಂ’ ಎನ್ನಲೂ ಸಿಬ್ಬಂದಿಗೆ ಮುಜುಗರವಾಗುತ್ತದೆ.